ಡಾರ್ಕ್ ಮೋಡ್ ಪರಿಶೀಲನೆ ಎಂದರೇನು?

ಬಿಳಿ ಹಿನ್ನೆಲೆಯ ಮೊಬೈಲ್ ಆ್ಯಪ್‌ಗೆ ಕಪ್ಪು ಹಿನ್ನೆಲೆಯ ರೂಪ ಕೊಟ್ಟ ಮೇಲೆ, ಅಕ್ಷರ ಓದಲು ಬರುತ್ತದೆಯೇ, ಒಂದರ ಮೇಲೊಂದು ಇರುವ ಭಾಗಗಳು ಬೇರೆಬೇರೆಯಾಗಿ ಕಾಣುತ್ತವೆಯೇ, ಬಣ್ಣಗಳು ಕಣ್ಣಿಗೆ ಚುಚ್ಚುತ್ತವೆಯೇ ಎಂದು ಪರದೆ ಪರದೆಯಾಗಿ ನೋಡುವ ಕೆಲಸವೇ ಡಾರ್ಕ್ ಮೋಡ್ ಪರಿಶೀಲನೆ. ಬಿಳಿಯನ್ನು ಕಪ್ಪಾಗಿಸಿ ಕಪ್ಪನ್ನು ಬಿಳಿಯಾಗಿಸಿದರೆ ಮುಗಿಯಿತು ಎಂದುಕೊಂಡ ತಂಡಗಳಿಗೇ ಇದರ ಅಗತ್ಯ ಹೆಚ್ಚು.

ನಾನು ಮೊದಲು ನೋಡುವುದು ನೆರಳನ್ನು. ಬಿಳಿ ಪರದೆಯಲ್ಲಿ ಒಂದು ಕಾರ್ಡ್ ಮೇಲೆದ್ದಂತೆ ತೋರುವುದು ಅದರ ಅಡಿಯಲ್ಲಿ ಬಿದ್ದ ಮಸುಕು ನೆರಳಿನಿಂದ. ಹಿನ್ನೆಲೆಯೇ ಕಪ್ಪಾದಾಗ ಆ ನೆರಳು ಬೀಳಲು ಜಾಗವೇ ಉಳಿಯುವುದಿಲ್ಲ. ಡಾರ್ಕ್ ಮೋಡ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ, `#121212` ಎಂಬ ಸಂಕೇತದ ಕಡುಬೂದು ಹಿನ್ನೆಲೆಯ ಮೇಲೆ ಅಚ್ಚಕಪ್ಪು ನೆರಳನ್ನೇ ಹಾಕಿದರೂ ಎರಡರ ನಡುವಿನ ಕಾಂಟ್ರಾಸ್ಟ್, ಎಂದರೆ ಬೆಳಕಿನ ಅನುಪಾತ, ಸುಮಾರು 1.1:1 ಮಾತ್ರ, ಅಂದರೆ ಕಣ್ಣಿಗೆ ಇಲ್ಲದಂತೆಯೇ. ಹೀಗಾಗಿ ಇಲ್ಲಿ ಎತ್ತರವನ್ನು ಬೆಳಕಿನಿಂದ ತೋರಿಸಬೇಕು. ಮೇಲಿರುವ ಪದರ ಕೆಳಗಿನದಕ್ಕಿಂತ ತುಸು ತಿಳಿಯಾಗಿರಬೇಕು. ಗೂಗಲ್‌ನ ಮಟೀರಿಯಲ್ ಡಿಸೈನ್ ಮಾರ್ಗಸೂಚಿ ಇದಕ್ಕೆ ಹಿನ್ನೆಲೆಯ ಮೇಲೆ ಪಾರದರ್ಶಕ ಬಿಳಿಯನ್ನು ಹೊದಿಸುವ ಉಪಾಯ ಹೇಳಿತ್ತು. `#121212` ಮೇಲೆ ಶೇ 8ರಷ್ಟು ಬಿಳಿ ಹೊದಿಸಿದರೆ `#252525` ಬರುತ್ತದೆ, ಶೇ 16ಕ್ಕೆ `#383838`. ಮೊದಲನೆಯದು ಕಾರ್ಡ್‌ಗೆ, ಎರಡನೆಯದು ಎಲ್ಲದರ ಮೇಲೆ ತೇಲುವ ಸಂವಾದ ಪೆಟ್ಟಿಗೆಗೆ ಎಂದಿಟ್ಟುಕೊಳ್ಳಿ. ಇಷ್ಟಾಗಿಯೂ ಕಾರ್ಡ್‌ನ ಅಂಚು ಕಾಣದಿದ್ದರೆ ತೆಳುವಾದ ಬೂದು ಗೆರೆ ಎಳೆಯುವುದರಲ್ಲಿ ತಪ್ಪೇನಿಲ್ಲ.

ನೆರಳಿನ ಸಮಸ್ಯೆ ಪರಿಹಾರವಾಯಿತು ಎನ್ನುವಷ್ಟರಲ್ಲಿ ಅಕ್ಷರಗಳು ಕೈಕೊಡುತ್ತವೆ. ಅತಿ ಹೆಚ್ಚು ತಪ್ಪಿಹೋಗುವ ದೋಷ ಇದೇ ಎಂಬುದು ನನ್ನ ಅನುಭವ. ಒಂದು ಸೆಟ್ಟಿಂಗ್ಸ್ ಪರದೆಯನ್ನು ತೆಗೆದುಕೊಳ್ಳೋಣ. ಪ್ರತಿ ಆಯ್ಕೆಯ ಕೆಳಗಿರುವ ಸಣ್ಣ ವಿವರಣೆ `#808080` ಬೂದು ಬಣ್ಣದಲ್ಲಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು ಎನ್ನುತ್ತದೆ ಎಲ್ಲರೂ ಬಳಸಬಲ್ಲ ವಿನ್ಯಾಸಕ್ಕಾಗಿ ಇರುವ ಡಬ್ಲ್ಯುಸಿಎಜಿ ಮಾನದಂಡದ ಎಎ ಮಟ್ಟ. `#121212` ಮೇಲೆ ಈ ಬೂದು 4.7:1 ಕೊಡುತ್ತದೆ, ಪಾಸು. ಅದೇ ಸಾಲು `#252525` ಕಾರ್ಡ್‌ನ ಮೇಲೆ ಬಂದಾಗ 3.9:1ಕ್ಕೆ ಇಳಿದು ನಪಾಸಾಗುತ್ತದೆ. ಅಕ್ಷರದ ಬಣ್ಣವನ್ನು ಯಾರೂ ಮುಟ್ಟಿಲ್ಲ, ಅದರಡಿಯ ನೆಲ ತಿಳಿಯಾಗಿದೆ ಅಷ್ಟೆ. ಆದ್ದರಿಂದ ಅಕ್ಷರವನ್ನು ಅಳೆಯಬೇಕಾದದ್ದು ಮೂಲ ಹಿನ್ನೆಲೆಯ ಮೇಲಲ್ಲ, ಅದು ಕಾಣಿಸಿಕೊಳ್ಳುವ ಅತಿ ತಿಳಿಯಾದ ಪದರದ ಮೇಲೆ. ಇಲ್ಲಿ ಬೂದನ್ನು `#A6A6A6`ಗೆ ಏರಿಸಿದರೆ `#383838` ಪೆಟ್ಟಿಗೆಯ ಮೇಲೂ 4.8:1 ಸಿಗುತ್ತದೆ. ಅಳೆಯುವಾಗ ವಿನ್ಯಾಸದ ಕಡತದಲ್ಲಿ ಬರೆದಿರುವ ಬಣ್ಣವನ್ನು ನಂಬಬೇಡಿ. ಪಾರದರ್ಶಕತೆ ಸೇರಿದ ಮೇಲೆ ಪರದೆಯಲ್ಲಿ ಮೂಡುವ ಬಣ್ಣವೇ ಬೇರೆ. ಸ್ಕ್ರೀನ್‌ಶಾಟ್ ತೆಗೆದು ಅದರಿಂದಲೇ ಬಣ್ಣ ಆರಿಸಿ. ಅಕ್ಷರದ ಅಂಚಿನ ಮಸುಕಿನಿಂದಲ್ಲ, ದಪ್ಪ ಗೀಟಿನ ನಡುವಿನಿಂದ.

ಹಾಗೆಂದು ಕಾಂಟ್ರಾಸ್ಟ್ ಹೆಚ್ಚಿದಷ್ಟೂ ಒಳ್ಳೆಯದೇ ಎಂದಲ್ಲ. ಅಚ್ಚಕಪ್ಪಿನ ಮೇಲೆ ಅಚ್ಚಬಿಳಿ ಅಕ್ಷರ 21:1 ತಲುಪುತ್ತದೆ, ಆದರೆ ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವ ಅನೇಕರಿಗೆ ಆ ಅಕ್ಷರಗಳ ಸುತ್ತ ಬೆಳಕು ಹರಡಿದಂತೆ ಕಾಣುತ್ತದೆ. ಉದ್ದದ ಬರಹವಿರುವ ಪರದೆಯಲ್ಲಿ ಬಿಳಿಯನ್ನು ಸ್ವಲ್ಪ ತಗ್ಗಿಸುವುದೇ ಲೇಸು.

ಇನ್ನು ಬಣ್ಣದ ಸಾಂದ್ರತೆ. ಮಟೀರಿಯಲ್‌ನ ಹಳೆಯ ಮಾದರಿ ನೇರಳೆ `#6200EE` ಬಿಳಿಯ ಮೇಲೆ 7.6:1 ಕೊಟ್ಟು ಗಂಭೀರವಾಗಿ ಕಾಣುತ್ತದೆ. ಅದನ್ನೇ `#121212` ಮೇಲೆ ಇಟ್ಟರೆ 2.5:1. ಐಕಾನ್‌ಗೆ ಬೇಕಾದ 3:1 ಕೂಡ ದಾಟುವುದಿಲ್ಲ. ಅಕ್ಷರವಾಗಿ ಬರೆದರೆ ಕಪ್ಪಿನಲ್ಲಿ ಮುಳುಗುತ್ತದೆ. ದೊಡ್ಡ ಬಟನ್‌ಗೆ ತುಂಬಿದರೆ ಸುತ್ತಲಿನ ಬೂದಿನ ನಡುವೆ ಅಂಚು ಕಂಪಿಸಿದಂತಾಗಿ ಕಣ್ಣನ್ನು ಎಳೆಯುತ್ತದೆ. ಇದೇ ನೇರಳೆಗೆ ಬಿಳಿ ಬೆರೆಸಿದ `#BB86FC` ಆದರೆ 7.1:1 ಸಿಗುತ್ತದೆ. ಬಣ್ಣವನ್ನು ವರ್ಣ, ಸಾಂದ್ರತೆ, ಪ್ರಕಾಶ ಎಂದು ಬಿಡಿಸಿ ಅಳೆಯುವ ಎಚ್‌ಎಸ್‌ಬಿ ಲೆಕ್ಕದಲ್ಲಿ ಸಾಂದ್ರತೆ ಶೇ 100ರಿಂದ ಸುಮಾರು 47ಕ್ಕೆ ಇಳಿದಿದೆ, ಆದರೂ ನೋಡಿದವರು ನೇರಳೆ ಎಂದೇ ಗುರುತಿಸುತ್ತಾರೆ. ಒಂದು ಎಚ್ಚರಿಕೆ: ಬಟನ್ ತಿಳಿಯಾದ ಮೇಲೆ ಅದರೊಳಗಿನ ಬಿಳಿ ಅಕ್ಷರ ಓದಲಾಗದು, ಅದನ್ನು ಕಪ್ಪಿಗೆ ತಿರುಗಿಸಬೇಕು.

ಕೊನೆಯ ಸುತ್ತನ್ನು ನಿಜವಾದ ಫೋನಿನಲ್ಲೇ ಮಾಡಿ. ಕತ್ತಲೆ ಕೋಣೆಯಲ್ಲಿ ಪರದೆಯ ಬೆಳಕನ್ನು ಕನಿಷ್ಠಕ್ಕೆ ಇಳಿಸಿದಾಗ ಮೊದಲು ಅಳಿಸಿಹೋಗುವುದು `#121212` ಮತ್ತು `#252525` ನಡುವಿನ ಅಂತರ. ಕಾರ್ಡ್ ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ ಆ ಪರದೆ ಮತ್ತೆ ವಿನ್ಯಾಸಕರ ಮೇಜಿಗೆ ಹೋಗಬೇಕು.