ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೊದಲ ಹತ್ತು ನಿಮಿಷ ಚಾರ್ಟ್‌ನಲ್ಲಿ ಯಾಕೆ ಕಾಣಲ್ಲ?

ಸಿಜೇರಿಯನ್ ಆದ್ಮೇಲೆ ಕೇಸ್ ಶೀಟ್ ಒಳಗಿರೋ ಅನಸ್ತೇಶಿಯಾ ಚಾರ್ಟ್ ತೆಗೆದು ನೋಡಿ. ಚಿಕ್ಕ ಚಿಕ್ಕ ಚೌಕಗಳು, ಐದೈದು ನಿಮಿಷಕ್ಕೆ ಒಂದು ಗೆರೆ, ಬಿಪಿಗೆ ಮೇಲೊಂದು ಕೆಳಗೊಂದು ಬಾಣದ ಗುರುತು, ನಡುವೆ ಪಲ್ಸ್‌ಗೆ ಚುಕ್ಕೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡೋ ಸಿಜೇರಿಯನ್‌ಗೆ ಈ ಐದು ನಿಮಿಷದ ಗೆರೆ ಸಾಲೋದೇ ಇಲ್ಲ ಅಂತ ನನಗೆ ಬಹಳ ದಿನದಿಂದ ಅನಿಸ್ತಿದೆ, ಯಾಕೆ ಅಂತ ಹೇಳ್ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಈ ಚಾರ್ಟ್ ಹುಟ್ಟಿದ್ದು ಈಥರ್ ಮೂಸಿಸಿ ಪ್ರಜ್ಞೆ ತಪ್ಪಿಸ್ತಿದ್ದ ಕಾಲದಲ್ಲಿ. ಮುಂದೆ ಮೆದುಳಿನ ಸರ್ಜನ್ ಆಗಿ ಹೆಸರು ಮಾಡಿದ ಹಾರ್ವೆ ಕುಶಿಂಗ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಅವರು ಈಥರ್ ಕೊಡ್ತಿದ್ದ ಒಬ್ಬ ಪೇಷಂಟ್ ತೀರಿಕೊಂಡ್ರು, ಆ ನೋವಲ್ಲೇ ಅವರೂ ಗೆಳೆಯ ಕಾಡ್‌ಮನ್ನೂ ಸೇರಿ 1890ರ ದಶಕದ ಮಧ್ಯದಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಪಲ್ಸು, ಉಸಿರು ಬರೆದಿಡೋಕೆ ಶುರು ಮಾಡಿದ್ರು. ಬಿಪಿ ಆಗ ಇರ್ಲಿಲ್ಲ. 1901ರಲ್ಲಿ ಕುಶಿಂಗ್ ಇಟಲಿಯ ಪಾವಿಯಾದಲ್ಲಿ ರಿವಾ-ರೋಚಿ ಅವರ ಬಿಪಿ ಅಳೆಯೋ ಕಫ್ ನೋಡಿಕೊಂಡು ಬಂದ ಮೇಲೆ ಅದೂ ಸೇರ್ತು. ಅಷ್ಟರಲ್ಲಿ 1898ರಲ್ಲೇ ಜರ್ಮನಿಯಲ್ಲಿ ಆಗಸ್ಟ್ ಬಿಯರ್ ಬೆನ್ನಿಗೆ ಕೊಕೇನ್ ಕೊಟ್ಟು ಆಪರೇಷನ್ ಮಾಡಿ ಆಗಿತ್ತು. ಅಂದ್ರೆ ಪ್ರಜ್ಞೆ ತಪ್ಪಿಸೋ ಆಪರೇಷನ್‌ಗೆ ಅಂತ ಹೊಲಿದ ಅಂಗಿಯನ್ನೇ ನಾವು ಎಚ್ಚರವಾಗಿರೋ ಬಾಣಂತಿಗೂ ತೊಡಿಸ್ತಾ ಬಂದಿದೀವಿ.

ಬೆನ್ನಿಗೆ ಕೊಡೋ ಈ ಇಂಜೆಕ್ಷನ್, ಅಂದ್ರೆ ಸ್ಪೈನಲ್‌ನಲ್ಲಿ ಸೊಂಟದ ಕೆಳಗಿನ ರಕ್ತನಾಳಗಳು ಸಡಿಲ ಆಗ್ತವೆ, ಜೊತೆಗೆ ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳನ ಒತ್ತುತ್ತೆ, ಹಾಗಾಗಿ ಮೊದಲ ಹತ್ತು ನಿಮಿಷದಲ್ಲೇ ಬಿಪಿ ದಡಕ್ಕನೆ ಬೀಳಬಹುದು.

ಒಂದು ಉದಾಹರಣೆ ತಗೊಳ್ಳೋಣ. ಸಿಜೇರಿಯನ್‌ಗೆ ಬಂದ ಒಬ್ಬಳಿಗೆ ಟೇಬಲ್ ಮೇಲೆ ಮೊದಲ ಬಿಪಿ 118. ಹತ್ತು ಗಂಟೆ ಒಂದು ನಿಮಿಷಕ್ಕೆ ಬೆನ್ನಿಗೆ ಮರಗಟ್ಟಿಸೋ ಔಷಧಿ ಹೆವಿ ಬುಪಿವಕೇನ್ 2 ಎಂಎಲ್, ಅಂದ್ರೆ 10 ಮಿಲಿಗ್ರಾಂ. 10:05ಕ್ಕೆ 108. 10:07ಕ್ಕೆ "ಡಾಕ್ಟ್ರೇ, ಹೊಟ್ಟೆ ತೊಳಸ್ತಿದೆ, ವಾಂತಿ ಬರೋ ಹಾಗಿದೆ" ಅಂತಾಳೆ, ಆಗ ಬಿಪಿ 82. ಬಿಪಿ ಏರಿಸೋ ಫೀನೈಲೆಫ್ರಿನ್ 100 ಮೈಕ್ರೋಗ್ರಾಂ ಕೊಡ್ತಾರೆ, 10:10ಕ್ಕೆ 110. ಐದು ನಿಮಿಷದ ಗೆರೆಯಲ್ಲಿ ಬರೆದ್ರೆ ಏನ್ ಉಳಿಯುತ್ತೆ? 118, 108, 110. ಆ 82 ಕಾಗದದ ಮೇಲೆ ನಡೆದೇ ಇಲ್ಲ! ಮಗು ಮಂಕಾಗಿ ಹುಟ್ಟಿದ್ರೆ ಕಾರಣ ಹುಡುಕೋ ಮಕ್ಕಳ ಡಾಕ್ಟ್ರಿಗೆ ಬೇಕಾಗಿದ್ದು ಅದೊಂದೇ ಅಂಕಿ.

2018ರ ಅಂತಾರಾಷ್ಟ್ರೀಯ ಒಮ್ಮತದ ಸಲಹೆ ಪ್ರಕಾರ ಮೇಲಿನ ಬಿಪಿಯನ್ನ ಮೊದಲ ಬಿಪಿಯ ಶೇಕಡ 90ಕ್ಕಿಂತ ಕೆಳಗೆ ಬಿಡದ ಹಾಗೆ ನೋಡ್ಕೋಬೇಕು, ಶೇಕಡ 80ಕ್ಕಿಂತ ಕೆಳಗಂತೂ ಹೋಗ್ಲೇಬಾರ್ದು. ಇವಳಿಗೆ ಆ ಲೆಕ್ಕ ಸುಮಾರು 106 ಮತ್ತು 94. ಮೊದಲ ಬಿಪಿ ಪ್ರತ್ಯೇಕ ಕಾಲಂನಲ್ಲಿ ಇಲ್ಲದಿದ್ರೆ ಈ ಲೆಕ್ಕ ಹಾಕೋದಾದ್ರೂ ಹೇಗೆ? ಅದಕ್ಕೇ ಮಗು ಹೊರಗೆ ಬರೋ ತನಕ ನಿಮಿಷ ನಿಮಿಷಕ್ಕೂ ಒಂದು ಪಟ್ಟಿ, ಆಮೇಲೆ ಐದು ನಿಮಿಷದ್ದು ಇದ್ರೆ ಒಳ್ಳೇದು ಅಂತೀನಿ.

ಔಷಧಿ ಕಾಲಂಗೂ ಇದೇ ತರ ಒಂದು ಕತೆ ಇದೆ. 1970ರ ದಶಕದಲ್ಲಿ ಗರ್ಭಿಣಿ ಕುರಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಬಿಪಿ ಏರಿಸೋ ಎಫೆಡ್ರಿನ್ ಗರ್ಭಕೋಶಕ್ಕೆ ಹೋಗೋ ರಕ್ತ ಕಡಿಮೆ ಮಾಡಲ್ಲ ಅಂತ ಕಂಡಿದ್ದಕ್ಕೆ ದಶಕಗಟ್ಟಲೆ ಅದೇ ನಡೀತು, ಆಮೇಲೆ ಅದು ಮಾಸು, ಅಂದ್ರೆ ಪ್ಲಾಸೆಂಟಾ ದಾಟಿ ಮಗುವಿನ ರಕ್ತದಲ್ಲಿ ಆಮ್ಲ ಹೆಚ್ಚಿಸುತ್ತೆ ಅಂತ ಗೊತ್ತಾಗಿ ಫೀನೈಲೆಫ್ರಿನ್ ಮುಂದೆ ಬಂತು. ನಮ್ಮ ಕಡೆ ಮೆಫೆಂಟರ್‌ಮೈನ್ ಕೂಡ ಚೆನ್ನಾಗಿ ಬಳಕೇಲಿದೆ. ಇವೆಲ್ಲಕ್ಕೂ ವ್ಯಾಸೋಪ್ರೆಸರ್ ಅಂತಾನೇ ಹೆಸರು, ಹಾಗಾಗಿ ಬರೀ "ವ್ಯಾಸೋಪ್ರೆಸರ್ ಕೊಟ್ಟಿದೆ" ಅಂತ ಬರೆದ್ರೆ ಅದಕ್ಕೆ ಅರ್ಥಾನೇ ಇಲ್ಲ. ಯಾವುದು, ಎಷ್ಟು ಹೊತ್ತಿಗೆ, ಎಷ್ಟು ಮೈಕ್ರೋಗ್ರಾಂ ಅಥವಾ ಮಿಲಿಗ್ರಾಂ, ಮೂರೂ ಬೇಕು. ಎಂಎಲ್ ಮಾತ್ರ ಬರೆದಿದ್ರೆ ಸಾಲಲ್ಲ, ಫೀನೈಲೆಫ್ರಿನ್ನಿನ 10 ಮಿಲಿಗ್ರಾಂ ಆಂಪೂಲ್‌ನ 100 ಎಂಎಲ್ ಸಲೈನ್‌ಗೆ ಹಾಕಿದ್ರೋ 500ಕ್ಕೋ ಅನ್ನೋದ್ರ ಮೇಲೆ ಐದು ಪಟ್ಟು ವ್ಯತ್ಯಾಸ ಆಗುತ್ತೆ.

ಫ್ಲೂಯಿಡ್ ಕಾಲಂನಲ್ಲಿ ಸಾಮಾನ್ಯವಾಗಿ ಕಾಣೋದು "ಆರ್‌ಎಲ್ ಮೂರು ಪಿಂಟ್" ಅಷ್ಟೇ, ಅಂದ್ರೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೂರು ಬಾಟ್ಲು. ಮೊದಲೆಲ್ಲ ಸ್ಪೈನಲ್‌ಗೆ ಮುಂಚೆ ಒಂದು ಲೀಟರ್ ಏರಿಸ್ಲೇಬೇಕು ಅಂತಿತ್ತು, 1990ರ ದಶಕದ ಅಧ್ಯಯನಗಳಲ್ಲಿ ಅದರಿಂದ ಬಿಪಿ ಬೀಳೋದು ಅಷ್ಟಾಗಿ ನಿಲ್ಲಲ್ಲ ಅಂತ ಕಂಡು, ಈಗ ಇಂಜೆಕ್ಷನ್ ಕೊಡ್ತಿದ್ದ ಹಾಗೇ ಜೋರಾಗಿ ಬಿಡೋ ರೂಢಿ ಬಂದಿದೆ. ಒಟ್ಟು ಮೊತ್ತ ಬರೆದ್ರೆ ಯಾವಾಗ ಹೋಯ್ತು ಅನ್ನೋದು ತಿಳಿಯಲ್ಲ. ಮಗು ಬಂದ ಮೇಲೆ ಬಾಟ್ಲಿಗೆ ಗರ್ಭಕೋಶ ಬಿಗಿ ಮಾಡೋ ಆಕ್ಸಿಟೋಸಿನ್ ಸೇರಿಸಿದ್ರಂತೂ ಯಾವ ಬಾಟ್ಲು, ಎಷ್ಟು ಯೂನಿಟ್ ಅಂತ ಬರೀಲೇಬೇಕು, ಯಾಕಂದ್ರೆ ಅದು ಬೇಗ ಹೋದ್ರೂ ಬಿಪಿ ಬೀಳುತ್ತೆ. ವಾರ್ಡ್‌ಗೆ ಶಿಫ್ಟ್ ಆದಾಗ ಅರ್ಧ ಉಳಿದಿರೋ ಆ ಬಾಟ್ಲು ಕೈಗೆ ಬರೋದು ಸಿಸ್ಟರ್‌ಗೆ, ಗೊತ್ತಿಲ್ಲದೆ ರೋಲರ್ ಪೂರ್ತಿ ಬಿಟ್ಟುಬಿಡೋದು ಸುಲಭ.

ಮಾನಿಟರ್ ಪ್ರಿಂಟ್ ಅಂಟಿಸಿದ್ರೆ ಸಾಕಲ್ವಾ ಅಂತ ಕೇಳ್ತಾರೆ. ಸ್ಪೈನಲ್ ಆದವರಿಗೆ ನಡುಕ ಬರೋದು ಮಾಮೂಲಿ, ನಡುಗೋ ಕೈಯಲ್ಲಿ ಕಫ್ ಮತ್ತೆ ಮತ್ತೆ ಉಬ್ಬಿ ಎರಡು ಮೂರು ನಿಮಿಷ ಅಂಕಿಯೇ ಬರಲ್ಲ, ಬಂದ್ರೂ ನಂಬೋ ಹಾಗಿರಲ್ಲ. ಅಂಥ ಹೊತ್ತಲ್ಲಿ ಮಣಿಕಟ್ಟಿನ ನಾಡಿ ಸಿಗ್ತಿತ್ತಾ, ಅವಳು ಮಾತಾಡ್ತಿದ್ಲಾ ಅಂತ ಪಕ್ಕದಲ್ಲಿ ನಿಂತವರು ಪೆನ್ನಲ್ಲಿ ಬರೆದ ಒಂದು ಸಾಲೇ ದಾಖಲೆ.