ಮೂರು ಸಾಲಿನ ಬಿಲ್ಲು, ಮೂರು ಸಲ ಡೆಲಿವರಿ ಚಾರ್ಜು

ಪ್ರಶ್ನೆ: ನಮ್ಮ ಮಾರಾಟದ ಡೇಟಾ ಎಲ್ಲಾ ಒಂದೇ ದೊಡ್ಡ ಶೀಟಲ್ಲಿದೆ, ಡ್ಯಾಶ್‌ಬೋರ್ಡೂ ಓಡುತ್ತಿದೆ. ಆದರೂ ಎಲ್ಲರೂ ಸ್ಟಾರ್ ಸ್ಕೀಮಾ ಮಾಡಿ, ಫ್ಯಾಕ್ಟ್ ಬೇರೆ ಡೈಮೆನ್ಷನ್ ಬೇರೆ ಇಡಿ ಅಂತಾರೆ. ಒಂದೇ ಟೇಬಲ್ ಇದ್ದರೆ ಏನು ತಪ್ಪು?

ನಿಮ್ಮ ಶೀಟಲ್ಲಿ ಒಂದು ಸಾಲು ಅಂದರೆ ಏನು? ಇದಕ್ಕೆ ತಡವರಿಸದೆ ಉತ್ತರ ಹೇಳೋಕಾದರೆ ತಪ್ಪೇನೂ ಇಲ್ಲ. ಬಹಳ ಜನಕ್ಕೆ ಆಗಲ್ಲ. ನನಗೂ ಆಗಿರಲಿಲ್ಲ.

ಪರಿಚಯದವರೊಬ್ಬರದು ಕಾಂಡಿಮೆಂಟ್ಸ್ ಅಂಗಡಿ. ಮಲ್ಲೇಶ್ವರದಲ್ಲಿ ಒಂದು, ಜಯನಗರದಲ್ಲಿ ಇನ್ನೊಂದು. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಬಂದ ಶೀಟನ್ನ ಹಾಗೇ ಪವರ್ ಬಿಐಗೆ ಹಾಕಿ ತೋರಿಸಿದೆ. ಅವರು ನೋಡಿ ನಕ್ಕರು: "ಡೆಲಿವರೀಲೇ ಇಷ್ಟು ದುಡ್ಡು ಬರೋದಾದ್ರೆ ನಾನು ಬೆಳಗಾಗೆದ್ದು ಕೋಡುಬಳೆ ಯಾಕೆ ಕರೀಲಿ ಮಾರಾಯ?"

ಒಂದು ಬಿಲ್ ತೆಗೆದು ನೋಡಿದೆ. ಖಾರಾಬೂಂದಿ 120 ರೂಪಾಯಿ, ಕೋಡುಬಳೆ 150, ನಿಪ್ಪಟ್ಟು 80, ಒಟ್ಟು 350. ಡೆಲಿವರಿ 40. ಗಿರಾಕಿ ಕೊಟ್ಟಿದ್ದು 390. ಶೀಟಲ್ಲಿ ಈ ಬಿಲ್ಲಿಗೆ ಮೂರು ಸಾಲು, ಮೂರರಲ್ಲೂ ಡೆಲಿವರಿ ಕಾಲಮ್ಮಲ್ಲಿ 40. ಕೂಡಿದರೆ ಡೆಲಿವರಿ 120, ಬಿಲ್ 470. ಸಾಲು ಐಟಮ್ಮಿನದು, 40 ಮಾತ್ರ ಇಡೀ ಬಿಲ್ಲಿನದು. ಒಂದು ಸಾಲು ಯಾವ ಮಟ್ಟದ್ದು ಅನ್ನೋದಕ್ಕೆ ಗ್ರೇನ್ ಅಂತಾರೆ. ನನ್ನ ಶೀಟಲ್ಲಿ ಎರಡು ಗ್ರೇನ್ ಒಟ್ಟಿಗೆ ಕೂತಿದ್ದವು.

ಸುಮ್ನೆ SUM ಬದಲು ಸರಾಸರಿ ಹಾಕಿದರೆ ಆಯ್ತಲ್ವಾ ಅಂತ ನಾನೂ ಅಂದುಕೊಂಡೆ. ಒಂದು ಬಿಲ್ಲಿಗೆ ಸರಿ ಬರುತ್ತೆ, 40 ಅಂತಲೇ. ಪಕ್ಕದಲ್ಲಿ ಒಂದೇ ಐಟಮ್ಮಿನ, ಡೆಲಿವರಿ ಇಲ್ಲದ ಬಿಲ್ ಬಂದರೆ ನಾಲ್ಕು ಸಾಲಿಗೆ 120, ಸರಾಸರಿ 30. ನಿಜಕ್ಕೂ ಎರಡು ಬಿಲ್ಲಿಗೆ 40, ಅಂದರೆ ಸರಾಸರಿ 20.

ಹಾಗಾಗಿ ಒಡೆದೆ. ಫ್ಯಾಕ್ಟ್ ಟೇಬಲ್ ಅಂದರೆ ನಡೆದ ವಹಿವಾಟು, ಕೂಡುವ ಅಂಕಿಗಳು ಇರೋ ಜಾಗ. ಇಲ್ಲಿ ಎರಡು ಬೇಕಾಯಿತು: FactLine, ಒಂದು ಸಾಲು ಅಂದರೆ ಬಿಲ್ಲಿನ ಒಂದು ಐಟಂ, FactBill, ಒಂದು ಸಾಲು ಅಂದರೆ ಒಂದು ಬಿಲ್, ಡೆಲಿವರಿ ಇರೋದು ಇಲ್ಲಿ ಮಾತ್ರ. ಡೈಮೆನ್ಷನ್ ಅಂದರೆ ಆ ಅಂಕಿಯನ್ನ ಯಾವುದರ ಪ್ರಕಾರ ನೋಡಬೇಕೋ ಅದು: ದಿನಾಂಕ, ಬ್ರಾಂಚ್, ಐಟಂ. ಫ್ಯಾಕ್ಟ್ ನಡುವೆ, ಡೈಮೆನ್ಷನ್‌ಗಳು ಸುತ್ತ, ಅದಕ್ಕೇ ಸ್ಟಾರ್ ಸ್ಕೀಮಾ ಅನ್ನೋದು. ದಿನಾಂಕ, ಬ್ರಾಂಚ್ ಇವು FactLine, FactBill ಎರಡಕ್ಕೂ ಸೇರುತ್ತವೆ, ಐಟಂ FactLineಗೆ ಮಾತ್ರ. ಫಿಲ್ಟರ್ ಡೈಮೆನ್ಷನ್‌ನಿಂದ ಫ್ಯಾಕ್ಟ್ ಕಡೆಗೆ ಹರಿಯಬೇಕು, ಒಂದೇ ದಿಕ್ಕಿಗೆ. ಎರಡು ಫ್ಯಾಕ್ಟನ್ನ ಬಿಲ್ ನಂಬರ್ ಹಿಡಿದು ನೇರವಾಗಿ ಜೋಡಿಸೋ ಆಸೆ ಬರುತ್ತೆ, ಬೇಡ. ಮಲ್ಲೇಶ್ವರ ಅಂತ ಒತ್ತಿದರೆ ಮಾರಾಟ, ಡೆಲಿವರಿ ಎರಡೂ ಬ್ರಾಂಚ್ ಟೇಬಲ್ ಮೂಲಕವೇ ಬದಲಾಗುತ್ತವೆ, ಅಷ್ಟು ಸಾಕು.

ಈಗ ಯಾರಾದರೂ ಐಟಂವಾರು ಡೆಲಿವರಿ ಕೇಳಿದರೆ? ಕೋಡುಬಳೆ, ನಿಪ್ಪಟ್ಟು, ಬೂಂದಿ, ಎಲ್ಲದರ ಮುಂದೆಯೂ ಒಂದೇ ಮೊತ್ತ ಬರುತ್ತೆ. ಹಾಗೆ ಕಂಡರೆ ಆ ಡೈಮೆನ್ಷನ್‌ಗೂ ಆ ಫ್ಯಾಕ್ಟ್‌ಗೂ ನಂಟಿಲ್ಲ ಅಂತ ತಿಳ್ಕೊಳ್ಳಿ. ಬೇಕೇ ಬೇಕು ಅಂದರೆ 40 ರೂಪಾಯಿಯನ್ನ ಬೆಲೆಗೆ ತಕ್ಕಂತೆ ಹಂಚಿ FactLineಗೆ ಹಾಕಬೇಕು: ಬೂಂದಿಗೆ 13.71, ಕೋಡುಬಳೆಗೆ 17.14, ನಿಪ್ಪಟ್ಟಿಗೆ 9.14. ಕೂಡಿ ನೋಡಿ, 39.99. ಆ ಒಂದು ಪೈಸೆಯನ್ನ ದೊಡ್ಡ ಸಾಲಿಗೆ ಸೇರಿಸಿಬಿಡಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಲೆಕ್ಕ ಬರೆಯುವವರು ನಿಮ್ಮನ್ನ ಬಿಡಲ್ಲ.

ಒಡೆದ ಮೇಲೂ ಲೆಕ್ಕ ಡಬಲ್ ಆಗೋಕೆ ಇನ್ನೊಂದು ದಾರಿ ಇದೆ. ಡೈಮೆನ್ಷನ್‌ನಲ್ಲಿ ಒಂದೇ ಕೋಡ್ ಎರಡು ಸಲ ಇದ್ದರೆ ಸಾಕು. ನಮ್ಮಲ್ಲಿ "ಜಯನಗರ" ಒಂದು ಸಾಲು, "ಜಯನಗರ 4ನೇ ಬ್ಲಾಕ್" ಇನ್ನೊಂದು, ಕೋಡ್ ಒಂದೇ. SQLನಲ್ಲಿ ಜಾಯಿನ್ ಮಾಡಿದಾಗ ಆ ಬ್ರಾಂಚಿನ ಮಾರಾಟವೆಲ್ಲ ಎರಡರಷ್ಟಾಯಿತು. ಇದನ್ನ ಓಡಿಸಿ, ಒಂದು ಸಾಲೂ ಬರಬಾರದು:

```sql
SELECT branch_id, COUNT(*)
FROM dim_branch
GROUP BY branch_id
HAVING COUNT(*) > 1;
```

ಇದಕ್ಕೆ ತಿರುಗಾಮುರುಗಾ ಆದರೆ, ಅಂದರೆ ಫ್ಯಾಕ್ಟ್‌ನಲ್ಲಿರೋ ಕೋಡ್ ಡೈಮೆನ್ಷನ್‌ನಲ್ಲಿ ಇಲ್ಲದಿದ್ದರೆ, ಪವರ್ ಬಿಐ ಚಾರ್ಟಲ್ಲಿ (Blank) ಅಂತ ಒಂದು ಸಾಲು ಬರುತ್ತೆ. ಅದನ್ನ ಫಿಲ್ಟರ್ ಹಾಕಿ ಮರೆಮಾಡೋರು ಜಾಸ್ತಿ. ಹಾಗೆ ಮಾಡಬೇಡಿ, ಅಲ್ಲಿರೋದು ನಿಜವಾದ ಮಾರಾಟ. ನಮ್ಮಲ್ಲಿ ಅದು ಹೊಸದಾಗಿ ಶುರು ಮಾಡಿದ್ದ ಅವಲಕ್ಕಿ ಮಿಕ್ಸ್‌ಚರ್ ಆಗಿತ್ತು. ಬಿಲ್ಲಿಂಗ್‌ನಲ್ಲಿ ಸೇರಿಸಿದ್ದರು, ನನ್ನ ಐಟಂ ಟೇಬಲ್ಲಿಗೆ ಹೇಳೋಕೆ ಮರೆತಿದ್ದರು.