ಮರುಮದುವೆಯಾದ ಸೊಸೆಯ ಪಾಲು: ನೋಡಬೇಕಾದ ದಿನಾಂಕ ಯಾವುದು?

ಆಸ್ತಿಯ ತಕರಾರು ಹಿಡಿದು ಬರುವ ವಿಧವೆಯರ ಕಾಗದಗಳ ಕಟ್ಟಿನಲ್ಲಿ ನಾನು ಮೊದಲು ಹುಡುಕುವುದು ಪಹಣಿಯನ್ನಲ್ಲ, ಗಂಡನ ಮರಣ ಪ್ರಮಾಣಪತ್ರವನ್ನು. ಮರುಮದುವೆಯಾದವರ ವಿಷಯದಲ್ಲಂತೂ ಆ ಒಂದು ಹಾಳೆಯ ಮೇಲಿನ ದಿನಾಂಕವೇ ಅರ್ಧ ಮೊಕದ್ದಮೆಯನ್ನು ತೀರ್ಮಾನಿಸಿಬಿಡುತ್ತದೆ. ಆದರೆ ಎದುರಿಗೆ ಕೂತವರು ಸಾಮಾನ್ಯವಾಗಿ ಮುಂದೆ ಚಾಚುವುದು ಎರಡನೆಯ ಮದುವೆಯ ದಿನಾಂಕವನ್ನು, ಅದೂ ಏನೋ ತಪ್ಪು ಒಪ್ಪಿಕೊಳ್ಳುವವರ ಹಾಗೆ ತಗ್ಗಿದ ದನಿಯಲ್ಲಿ.

ಕೆಲವು ವರ್ಷಗಳ ಹಿಂದೆ ಬಂದ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಹೇಳುತ್ತೇನೆ. ಗಂಡ ತನ್ನ ದುಡಿಮೆಯ ಹಣದಲ್ಲಿ ಮೂರು ಎಕರೆ ಖುಷ್ಕಿ ಜಮೀನು ಕೊಂಡಿದ್ದ. 2017ರಲ್ಲಿ ಉಯಿಲು ಬರೆಯದೆ ತೀರಿಕೊಂಡ. ಉಳಿದವರು ಹೆಂಡತಿ, ನಾಲ್ಕು ವರ್ಷದ ಮಗಳು, ತಾಯಿ, ತಂದೆ ಮತ್ತು ಒಬ್ಬ ತಮ್ಮ. 2020ರಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ಮರುಮದುವೆಯಾದಳು. ಆ ನಂತರ ಪಾಲು ಕೇಳಿದಾಗ ಮೈದುನ ಹೇಳಿದ ಮಾತು ಇದು: "ಅತ್ತಿಗೆ, ನೀವು ಬೇರೆ ಮನೆತನ ಸೇರಿದ ಮೇಲೆ ಈ ಮನೆಯ ಮಣ್ಣಿನ ಋಣ ಹರಿಯಿತು." ಊರಿನ ಹಿರಿಯರೂ ಹಾಗೆಯೇ ಹೇಳಿದರು. ನಾಡಕಚೇರಿಯಲ್ಲಿ ವಿಚಾರಿಸಿದಾಗ ಅಲ್ಲಿದ್ದವರೊಬ್ಬರು ಕೂಡ ಅದನ್ನೇ ಕಾನೂನು ಎಂಬಂತೆ ಹೇಳಿ ಕಳುಹಿಸಿದ್ದರು.

ಕಾನೂನು ಅದಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕಾರ ಉಯಿಲಿಲ್ಲದೆ ಸತ್ತ ಗಂಡಸಿನ ಆಸ್ತಿಯ ಹಕ್ಕು ಅವನ ವಾರಸುದಾರರಿಗೆ ಸಿಗುವುದು ಅವನು ಸತ್ತ ಕ್ಷಣದಲ್ಲಿ. ಖಾತೆ ಬದಲಾದ ದಿನವಲ್ಲ, ಪಾಲುಪಟ್ಟಿ ಬರೆದ ದಿನವೂ ಅಲ್ಲ. ಹೆಂಡತಿ, ಮಕ್ಕಳು ಮತ್ತು ತಾಯಿ ಮೊದಲನೆಯ ವರ್ಗದ ವಾರಸುದಾರರು, ಅವರಿಗೆ ಸಮಪಾಲು. ತಂದೆ ಎರಡನೆಯ ವರ್ಗದಲ್ಲಿ ಬರುವುದರಿಂದ ಮೊದಲನೆಯ ವರ್ಗದವರು ಒಬ್ಬರಾದರೂ ಇರುವಾಗ ಅವನಿಗೆ ಏನೂ ಇಲ್ಲ. (ಮಗನ ಆಸ್ತಿಯಲ್ಲಿ ತಾಯಿಗೆ ಪಾಲುಂಟು, ತಂದೆಗಿಲ್ಲ ಎಂಬುದನ್ನು ನಂಬಿಸುವಷ್ಟರಲ್ಲಿ ನಮ್ಮ ಅರ್ಧ ಗಂಟೆ ಹೋಗುತ್ತದೆ.) ಹಾಗಾಗಿ ಈ ಮೂರು ಎಕರೆಯಲ್ಲಿ ಹೆಂಡತಿಗೆ ಒಂದು ಎಕರೆ, ಮಗಳಿಗೆ ಒಂದು, ಅತ್ತೆಗೆ ಒಂದು. ಮೈದುನನಿಗೆ ಒಂದು ಗುಂಟೆಯೂ ಇಲ್ಲ.

2017ರಲ್ಲಿ ಆಕೆಗೆ ದಕ್ಕಿದ ಆ ಒಂದು ಎಕರೆಯನ್ನು 2020ರ ಮದುವೆ ಹಿಂತಿರುಗಿ ಹೋಗಿ ಕಸಿದುಕೊಳ್ಳಲಾರದು. ಅಧಿನಿಯಮದ 14ನೆಯ ಕಲಮಿನಂತೆ ಹೆಣ್ಣಿಗೆ ಬಂದ ಇಂಥ ಆಸ್ತಿ ಅವಳ ಪೂರ್ಣ ಒಡೆತನದ್ದು. ಅವಳು ಅದನ್ನು ಮಾರಬಹುದು, ದಾನ ಕೊಡಬಹುದು, ಉಯಿಲು ಬರೆಯಬಹುದು. ಹೀಗೆ ಒಮ್ಮೆ ದಕ್ಕಿದ ಪಾಲು ನಂತರದ ಮರುಮದುವೆಯಿಂದ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಚೆರೋಟ್ಟೆ ಸುಗತನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಊರಿಗೆ ಊರೇ ಬೇರೆ ರೀತಿ ನಂಬುವುದೇಕೆ? ಆ ನಂಬಿಕೆ ಗಾಳಿಯಿಂದ ಹುಟ್ಟಿದ್ದಲ್ಲ, ಒಂದು ಕಾಲದ ಕಾನೂನಿನಿಂದಲೇ ಬಂದದ್ದು. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದ ಫಲವಾಗಿ 1856ರಲ್ಲಿ ಬಂದ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೆ ಮಾನ್ಯತೆ ಕೊಟ್ಟಿತು, ಆದರೆ ಅದರ 2ನೆಯ ಕಲಮು ಅದಕ್ಕೆ ಬೆಲೆಯನ್ನೂ ಕಟ್ಟಿತು: ಮರುಮದುವೆಯಾದ ಕೂಡಲೇ ಮೊದಲ ಗಂಡನ ಆಸ್ತಿಯಲ್ಲಿನ ಅವಳ ಹಕ್ಕು, ಅವಳೇ ಸತ್ತಿದ್ದಾಳೆಂಬಂತೆ, ಗಂಡನ ಮುಂದಿನ ವಾರಸುದಾರರಿಗೆ ಹೋಗುತ್ತಿತ್ತು. ಕೂಡಿಕೆಯ ರೂಢಿ ಮೊದಲಿನಿಂದಲೂ ಇದ್ದ ಜಾತಿಗಳಿಗೆ ಈ ದಂಡನೆ ಅನ್ವಯಿಸಬೇಕೇ ಎಂಬ ಬಗ್ಗೆ ಅಲಹಾಬಾದ್ ಮತ್ತು ಬಾಂಬೆ ಹೈಕೋರ್ಟುಗಳು ಬೇರೆ ಬೇರೆ ದಾರಿ ಹಿಡಿದವು. ಅನ್ವಯಿಸುತ್ತದೆ ಎಂದದ್ದು ಬಾಂಬೆ. ಆಗ ವಿಧವೆಗಿದ್ದದ್ದು ಜೀವಿತಾವಧಿಯ ಸೀಮಿತ ಹಕ್ಕಾದ್ದರಿಂದ ಅದನ್ನು ನಡುವೆ ಕತ್ತರಿಸುವುದು ಸುಲಭವಿತ್ತು. 1956ರಲ್ಲಿ ಅವಳ ಹಕ್ಕು ಪೂರ್ಣವಾಯಿತು. 1856ರ ಕಾಯ್ದೆ 1983ರಲ್ಲಿ ಪುಸ್ತಕದಿಂದಲೂ ಹೋಯಿತು. ಊರ ಬಾಯಲ್ಲಿ ಮಾತ್ರ ಉಳಿದುಕೊಂಡಿದೆ.

ಗೊಂದಲಕ್ಕೆ ಇನ್ನೊಂದು ಮೂಲ ಜೀವನಾಂಶ. ಗಂಡ ಸತ್ತ ಮೇಲೆ ಸೊಸೆಗೆ ಮಾವನಿಂದ ಜೀವನಾಂಶ ಪಡೆಯುವ ಹಕ್ಕು ಕೆಲವು ಷರತ್ತುಗಳೊಡನೆ ಇದೆ, ಅವಳು ಮರುಮದುವೆಯಾದೊಡನೆ ಅದು ನಿಲ್ಲುತ್ತದೆ. ಅನೇಕ ಕುಟುಂಬ ಪಿಂಚಣಿ ನಿಯಮಗಳಲ್ಲೂ ಇಂಥ ಷರತ್ತು ಇರುತ್ತದೆ. ಅವು ತಿಂಗಳು ತಿಂಗಳು ಸಿಗುವ ಆಸರೆ. ವಾರಸಿನ ಪಾಲು ಒಡೆತನ. ಒಂದರ ನಿಯಮವನ್ನು ಇನ್ನೊಂದಕ್ಕೆ ಅಂಟಿಸಿ ಮಾತಾಡುವುದನ್ನು ನಾನು ಪಂಚಾಯಿತಿ ಕಟ್ಟೆಯಲ್ಲಷ್ಟೇ ಅಲ್ಲ, ನ್ಯಾಯಾಲಯದ ಒಳಗೂ ಕೇಳಿದ್ದೇನೆ.

ನಮ್ಮ ಪ್ರಕರಣದಲ್ಲಿ ನಿಜವಾದ ತೊಡಕು ಇದ್ದದ್ದು ಕಾಗದಗಳಲ್ಲಿ. 2018ರಲ್ಲಿ, ಅಂದರೆ ಮರುಮದುವೆಗೆ ಎರಡು ವರ್ಷ ಮೊದಲೇ, ಸೊಸೆ ಮತ್ತು ಮೊಮ್ಮಗಳ ಹೆಸರನ್ನು ಬಿಟ್ಟು ವಂಶವೃಕ್ಷ ಮಾಡಿಸಿ, ಅದರ ಆಧಾರದ ಮೇಲೆ ಅತ್ತೆಯೊಬ್ಬರ ಹೆಸರಿಗೆ ಪೌತಿ ಖಾತೆ ಮಾಡಿಸಿದ್ದರು. 2021ರಲ್ಲಿ ಅತ್ತೆ ಮೂರೂ ಎಕರೆಯನ್ನು ಕಿರಿಯ ಮಗನಿಗೆ ನೋಂದಾಯಿತ ದಾನಪತ್ರದ ಮೂಲಕ ಕೊಟ್ಟರು. ಜೊತೆಗೆ ಮೈದುನನ ಕೈಯಲ್ಲಿ ಒಂದು ಛಾಪಾ ಕಾಗದವಿತ್ತು: ಮರುಮದುವೆಯ ಹಿಂದಿನ ವಾರ ಸೊಸೆ ತನ್ನ ಒಡವೆಗಳನ್ನು ವಾಪಸು ಪಡೆದು, "ನನ್ನ ಮತ್ತು ಮಗಳ ಎಲ್ಲ ಹಕ್ಕನ್ನು ಬಿಟ್ಟಿದ್ದೇನೆ" ಎಂದು ಸಹಿ ಹಾಕಿದ್ದು. ನೋಟರಿ ಮೊಹರು ಇತ್ತು, ನೋಂದಣಿ ಇರಲಿಲ್ಲ.

ಒಂದೊಂದಾಗಿ ನೋಡಿದರೆ ಇವು ಬಿಡಿಸಲಾಗದ ಗಂಟುಗಳಲ್ಲ. ಪಹಣಿ ಕಂದಾಯ ವಸೂಲಿಗಾಗಿ ಇಟ್ಟ ದಾಖಲೆ; ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಹೆಸರು ಬಿಟ್ಟುಹೋದರೆ ಒಡೆತನ ಹೋಗುವುದೂ ಇಲ್ಲ. ಅತ್ತೆಗೆ ಇದ್ದದ್ದು ಒಂದು ಎಕರೆಯ ಪಾಲಾದ್ದರಿಂದ ಅವರ ದಾನಪತ್ರ ಅಷ್ಟಕ್ಕೆ ಮಾತ್ರ ಕೆಲಸ ಮಾಡುತ್ತದೆ, ಉಳಿದ ಎರಡು ಎಕರೆಗೆ ಅದು ತಾಯಿ ಮಗಳನ್ನು ಬಂಧಿಸುವುದಿಲ್ಲ. ಇನ್ನು ಛಾಪಾ ಕಾಗದ. ಸ್ಥಿರಾಸ್ತಿಯಲ್ಲಿನ ಹಕ್ಕನ್ನು ಬಿಟ್ಟುಕೊಡುವ ಖುಲಾಸೆ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗದಿದ್ದರೆ ಹಕ್ಕು ವರ್ಗವಾಗದು, ಮತ್ತು ನೋಟರಿಯ ಮೊಹರು ನೋಂದಣಿಯಲ್ಲ. ಮಗಳ ಪಾಲಿನ ಮಾತಂತೂ ಬೇರೆಯೇ. ತಂದೆ ಇಲ್ಲದ ಅಪ್ರಾಪ್ತ ಮಗುವಿಗೆ ತಾಯಿ ಸಹಜ ಪಾಲಕಿ, ಮರುಮದುವೆಯಿಂದ ಆ ಸ್ಥಾನ ತಪ್ಪುವುದಿಲ್ಲ. ಆದರೆ ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಮಗುವಿನ ಜಮೀನನ್ನು ಬಿಟ್ಟುಕೊಡುವ ಅಧಿಕಾರ ಅವಳಿಗೂ ಇಲ್ಲ.

ಅದೇ ಪತ್ರ ನೋಂದಣಿಯಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಬಲವಂತ ಅಥವಾ ವಂಚನೆಯನ್ನು ಆಕೆಯೇ ಸಾಬೀತು ಮಾಡಬೇಕಾಗುತ್ತಿತ್ತು, ಒಡವೆ ಪಡೆದ ಸಂಗತಿ ಆಕೆಗೆ ವಿರುದ್ಧವಾಗಿ ನಿಲ್ಲುತ್ತಿತ್ತು. ನಾನು ಕಂಡಂತೆ ಮರುಮದುವೆಯಾದವರು ಪಾಲು ಕಳೆದುಕೊಳ್ಳುವುದು ಮದುವೆಯಿಂದಲ್ಲ, ಆ ಮದುವೆಯ ಗಡಿಬಿಡಿಯಲ್ಲಿ ಓದದೆ ಹಾಕಿದ ಸಹಿಯಿಂದ.

ನಾವು ಪಾಲುದಾವೆ ಹೂಡಿ, ತಾಯಿಗೆ ಮತ್ತು ಮಗಳಿಗೆ ತಲಾ ಮೂರನೆಯ ಒಂದು ಪಾಲಿದೆಯೆಂದೂ, ದಾನಪತ್ರ ಆ ಪಾಲುಗಳನ್ನು ಬಂಧಿಸದೆಂದೂ ಘೋಷಿಸಬೇಕೆಂದು ಕೇಳಿದೆವು. ಜಮೀನು ಮೂರನೆಯವರಿಗೆ ಮಾರಾಟವಾಗದಂತೆ ತಡೆಯಾಜ್ಞೆಯನ್ನು ಮೊದಲೇ ಪಡೆದೆವು. ಪ್ರಾಥಮಿಕ ಡಿಕ್ರಿಯಲ್ಲಿ ಪಾಲು ನಿರ್ಧಾರವಾಯಿತು. ಆದರೆ ಆ ಡಿಕ್ರಿ ಹಿಡಿದು ಉಳುಮೆಗೆ ಹೋಗಲಾಗದು; ಅಂತಿಮ ಡಿಕ್ರಿಯ ನಡಾವಳಿ ನಡೆದು, ಭೂಮಾಪಕರು ಬಂದು ಅಳೆದು, ಪೋಡಿಯಾಗಿ ಹದ್ದುಬಸ್ತಿನ ಕಲ್ಲು ನೆಟ್ಟ ಮೇಲೆಯೇ ಒಂದು ಎಕರೆ ನಿಜವಾದ ಒಂದು ಎಕರೆಯಾಗುವುದು.

ದಿನಾಂಕದ ಲೆಕ್ಕ ಉಲ್ಟಾ ಹೊಡೆಯುವ ಸಂದರ್ಭವೂ ಒಂದಿದೆ. ಆಸ್ತಿ ಗಂಡನದ್ದಲ್ಲ, ಮಾವನದ್ದು. ಮಗ ಮೊದಲು ಸತ್ತ, ಸೊಸೆ ಮರುಮದುವೆಯಾದಳು, ಆಮೇಲೆ ಮಾವ ಉಯಿಲಿಲ್ಲದೆ ಸತ್ತ ಎಂದಿಟ್ಟುಕೊಳ್ಳಿ. ಇಲ್ಲಿ ಮಾವ ಸತ್ತ ದಿನವೇ ವಾರಸು ತೆರೆಯುವುದು, ಆ ದಿನ ಅವಳು ಬೇರೊಬ್ಬರ ಹೆಂಡತಿ. ಮೂಲ ಅಧಿನಿಯಮದ 24ನೆಯ ಕಲಮು ಇಂಥ ಸೊಸೆಗೆ ಪಾಲಿಲ್ಲವೆಂದು ಹೇಳುತ್ತಿತ್ತು. ಗಮನಿಸಬೇಕಾದದ್ದು, ಆ ಕಲಮು ಸತ್ತವನ ಸ್ವಂತ ಹೆಂಡತಿಯನ್ನು ಎಂದೂ ಹೆಸರಿಸಿರಲಿಲ್ಲ. ಮಗನ, ಮೊಮ್ಮಗನ ಮತ್ತು ಸಹೋದರನ ವಿಧವೆಯರನ್ನು ಮಾತ್ರ ಹೇಳಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಹಾಗಾಗಿ ಮಾವ ಸತ್ತದ್ದು ಆ ದಿನಕ್ಕೆ ಮೊದಲಾಗಿದ್ದರೆ ಸೊಸೆಯ ದಾರಿ ಮುಚ್ಚಿದೆ. ನಂತರವಾಗಿದ್ದರೆ ಆ ಅಡ್ಡಿ ಇಲ್ಲ. ಆದರೂ "ಈಗ ಅವಳು ಈ ಮಗನ ವಿಧವೆಯೇ ಅಲ್ಲ" ಎಂಬ ವಾದವನ್ನು ಎದುರು ಪಕ್ಷದವರು ಎತ್ತಿಯೇ ಎತ್ತುತ್ತಾರೆ, ಅದಕ್ಕೆ ಸಿದ್ಧರಾಗಿ ಹೋಗಬೇಕು. ಸತ್ತ ಮಗನ ಮಕ್ಕಳ ಪಾಲಿಗೆ ಈ ಯಾವ ವಾದವೂ ತಾಗುವುದಿಲ್ಲ.

ಗಂಡ ಉಯಿಲು ಬರೆದಿಟ್ಟು, "ಮರುಮದುವೆಯಾಗುವವರೆಗೆ ಮಾತ್ರ ಅನುಭವಿಸತಕ್ಕದ್ದು" ಎಂದು ಸೇರಿಸಿದ್ದರೆ ಮೇಲಿನ ಲೆಕ್ಕ ನಡೆಯುವುದಿಲ್ಲ. ಆಗ 14ನೆಯ ಕಲಮಿನ ಎರಡನೆಯ ಉಪಕಲಮು ಬರುತ್ತದೆ, ಷರತ್ತು ಊರ್ಜಿತವಾಗಿ ಉಳಿಯುವ ಸಾಧ್ಯತೆ ಉಂಟು. ಉಯಿಲಿನ ಒಂದೊಂದು ಪದವನ್ನೂ ವಕೀಲರಿಗೆ ತೋರಿಸದೆ ಆಸೆಯನ್ನೂ ಇಟ್ಟುಕೊಳ್ಳಬಾರದು, ಕೈಯನ್ನೂ ಚೆಲ್ಲಬಾರದು. ಮುಸ್ಲಿಂ ಮತ್ತು ಕ್ರೈಸ್ತ ವಿಧವೆಯರಿಗೆ ಅನ್ವಯಿಸುವ ಕಾನೂನು ಬೇರೆ, ಪಾಲಿನ ಪ್ರಮಾಣವೂ ಬೇರೆ; ಆದರೆ ಅಲ್ಲಿಯೂ ಗಂಡ ಸತ್ತಾಗ ಬಂದ ಪಾಲು ಮರುಮದುವೆಯಿಂದ ಹೋಗುವುದಿಲ್ಲ.

ಡಿಕ್ರಿಯ ಪ್ರತಿ ಕೊಡುವ ದಿನ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಯನ್ನು ಎಷ್ಟೋ ಜನ ಕೇಳುವುದೇ ಇಲ್ಲ. "ಸರ್, ನಾಳೆ ನನಗೇನಾದರೂ ಆದರೆ ಈ ಎಕರೆ ಯಾರಿಗೆ ಹೋಗುತ್ತದೆ?" ಉಯಿಲಿಲ್ಲದಿದ್ದರೆ 15ನೆಯ ಕಲಮು ಉತ್ತರ ಹೇಳುತ್ತದೆ, ಆ ಉತ್ತರ ವಿಚಿತ್ರವಾಗಿದೆ. ಅವಳಿಗೆ ಮಕ್ಕಳು ಮೊಮ್ಮಕ್ಕಳು ಯಾರೂ ಇಲ್ಲದಿದ್ದರೆ, ಮೊದಲ ಗಂಡನಿಂದ ಬಂದ ಆಸ್ತಿ ಮೊದಲ ಗಂಡನ ವಾರಸುದಾರರಿಗೇ ಮರಳುತ್ತದೆ. ಎರಡನೆಯ ಗಂಡನಿಗೆ ಏನೂ ಸಿಗುವುದಿಲ್ಲ. ಒಂದು ಮಗುವಿದ್ದರೂ ಆ ವಿಶೇಷ ನಿಯಮ ಬದಿಗೆ ಸರಿದು ಸಾಮಾನ್ಯ ಕ್ರಮ ಬರುತ್ತದೆ, ಅದರಲ್ಲಿ ಮಕ್ಕಳ ಜೊತೆಗೆ ಬದುಕಿರುವ ಗಂಡನೂ ಸಮಪಾಲುದಾರ. ಅಂದರೆ ಆ ಒಂದು ಎಕರೆಯಲ್ಲಿ ಇಪ್ಪತ್ತು ಗುಂಟೆ ಮಗಳಿಗೆ, ಇಪ್ಪತ್ತು ಗುಂಟೆ ಈಗಿನ ಗಂಡನಿಗೆ. ಎರಡನೆಯ ಮದುವೆಯಲ್ಲಿ ಮಗು ಹುಟ್ಟಿದ್ದರೆ ಅದಕ್ಕೂ ಪಾಲು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪನ ಜಮೀನು ಪೂರ್ತಿ ಮಗಳಿಗೇ ಇರಲಿ ಎಂದರು. ಅದೇ ವಾರ, ಜೊತೆಗೆ ಬಂದಿದ್ದ ಗಂಡನ ಒಪ್ಪಿಗೆಯಲ್ಲೇ, ಇಬ್ಬರು ಸಾಕ್ಷಿಗಳ ಮುಂದೆ ಉಯಿಲು ಬರೆಸಿ ನೋಂದಾಯಿಸಿದೆವು.